ಪದೇ ಪದೇ ಗೈರು: ಪೋಷಕರಿಗೆ ಎಚ್ಚರಿಕೆ ಪತ್ರವನ್ನು ನಾನು ಬರೆಯುವ ಬಗೆ

ಎಚ್ಚರಿಕೆ ಪತ್ರ ಬರೆಯಲು ಕೂರುವ ಮೊದಲು ಹಾಜರಿ ಪುಸ್ತಕ ತೆರೆದು ಗೈರಾದ ದಿನಾಂಕಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಳ್ಳುತ್ತೇನೆ. ಪಕ್ಕದಲ್ಲೇ ವಾರದ ಹೆಸರು, ರಜಾ ಚೀಟಿ ಬಂದಿತ್ತೇ ಇಲ್ಲವೇ ಎಂಬುದು. ಶಾಲೆಯ ಪರವಾಗಿ ಸ್ಪರ್ಧೆಗೆ ಹೋದ ದಿನ ಗೈರೆಂದು ದಾಖಲಾಗಿದ್ದರೆ ಅದನ್ನು ತೆಗೆಯಬೇಕು. ಅರ್ಧ ದಿನದ ಗೈರನ್ನು ಪೂರ್ತಿ ದಿನವೆಂದು ಎಣಿಸಬಾರದು. ಒಂದೇ ಒಂದು ದಿನಾಂಕ ತಪ್ಪಿದರೂ ಪೋಷಕರು ಅದನ್ನೇ ಹಿಡಿಯುತ್ತಾರೆ, ಉಳಿದ ಮಾತೆಲ್ಲ ಬದಿಗೆ ಸರಿಯುತ್ತದೆ.

ಎಂಟನೇ ತರಗತಿಯ ಒಬ್ಬ ಹುಡುಗನ ಲೆಕ್ಕ ಹೀಗಿದೆ ಎಂದುಕೊಳ್ಳಿ. ಶಾಲೆ ನಡೆದದ್ದು 50 ದಿನ, ಗೈರು 14. ಮೂರಕ್ಕೆ ರಜಾ ಚೀಟಿ ಇದೆ, ಹನ್ನೊಂದಕ್ಕೆ ಇಲ್ಲ. ಹದಿನಾಲ್ಕರಲ್ಲಿ ಏಳು ಸೋಮವಾರ. ಹಾಜರಿ ಶೇ. 72. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಶೇಕಡಾವಾರು ಅಲ್ಲ, ಆ ಏಳು ಸೋಮವಾರಗಳು. ಜ್ವರ ವಾರ ನೋಡಿ ಬರುವುದಿಲ್ಲ. ಹಾಗೆಂದು ಕಾರಣವನ್ನು ಪತ್ರದಲ್ಲಿ ಊಹಿಸಿ ಬರೆಯುವುದೂ ಇಲ್ಲ. ಕೇಳಿ ತಿಳಿದುಕೊಳ್ಳುವುದೇ ಸರಿ.

ಆದ್ದರಿಂದ ಪತ್ರಕ್ಕಿಂತ ಮೊದಲು ಮಾತುಕತೆ. ‘ಒಪ್ಪಿಕೊಂಡ ಕ್ರಮಗಳು’ ಎಂದು ಬರೆಯಬೇಕಾದರೆ ಎದುರಿನವರು ನಿಜವಾಗಿ ಒಪ್ಪಿರಬೇಕು. ಫೋನಿನಲ್ಲೋ ಮುಖಾಮುಖಿಯೋ ಕಾರಣ ಕೇಳಿ, ಯಾರು ಏನು ಮಾಡುತ್ತಾರೆಂದು ತೀರ್ಮಾನಿಸಿ, ಅದೇ ವಾರ ಪತ್ರ ಕಳಿಸುತ್ತೇನೆ. ಹಲವು ಸಲ ಕರೆದರೂ ಸಿಗದವರಿಗೆ ‘ಸೂಚಿಸುವ ಕ್ರಮಗಳು’ ಎಂದೇ ಬರೆದು, ಬದಲಾವಣೆ ಬೇಕಿದ್ದರೆ ತಿಳಿಸಲು ಒಂದು ದಿನಾಂಕ ಕೊಡುತ್ತೇನೆ.

ಬಿಗಿಯೂ ಇರಬೇಕು, ಮರ್ಯಾದೆಯೂ ಉಳಿಯಬೇಕು ಎಂದರೆ ವಾಕ್ಯದ ಕರ್ತೃವನ್ನು ನೋಡಿಕೊಳ್ಳಬೇಕು. ‘ನೀವು ಮಗನನ್ನು ಶಾಲೆಗೆ ಕಳಿಸುತ್ತಿಲ್ಲ’ ಎಂಬುದು ಆರೋಪ. ಮನೆಯಿಂದ ಹೊರಟ ಹುಡುಗ ಶಾಲೆಗೆ ತಲುಪದೇ ಇದ್ದಿರಲೂಬಹುದು. ‘ಆಗಾಗ’, ‘ಬೇಜವಾಬ್ದಾರಿ’ ಇಂಥ ಪದಗಳೂ ಬೇಡ. ದಿನಾಂಕಗಳೇ ಸಾಕಷ್ಟು ಗಟ್ಟಿಯಾಗಿ ಮಾತಾಡುತ್ತವೆ. ಪತ್ರದ ಒಡಲು ಹೀಗಿರುತ್ತದೆ:

‘ಮಾನ್ಯರೇ, ಎಂಟನೇ ತರಗತಿಯಲ್ಲಿ ಓದುತ್ತಿರುವ ತಮ್ಮ ಮಗ ಈವರೆಗಿನ 50 ಶಾಲಾ ದಿನಗಳಲ್ಲಿ 14 ದಿನ ಗೈರಾಗಿದ್ದಾನೆ. ಇವುಗಳಲ್ಲಿ 11 ದಿನಕ್ಕೆ ರಜಾ ಚೀಟಿ ಬಂದಿಲ್ಲ, ಏಳು ದಿನ ಸೋಮವಾರ. ದಿನಾಂಕಗಳ ಪಟ್ಟಿ ಲಗತ್ತಿಸಿದೆ; ತಪ್ಪಿದ್ದರೆ ತಿಳಿಸಿ, ಸರಿಪಡಿಸುತ್ತೇವೆ. ಸೋಮವಾರ ಆರಂಭವಾಗುವ ಗಣಿತದ ಪಾಠಗಳು ತಪ್ಪಿರುವುದರಿಂದ ವಾರದ ಉಳಿದ ತರಗತಿಗಳನ್ನು ಅನುಸರಿಸುವುದು ಅವನಿಗೆ ಕಷ್ಟವಾಗುತ್ತಿದೆ. ಇದು ಎಚ್ಚರಿಕೆ ಪತ್ರ. ಮುಂದಿನ ನಾಲ್ಕು ವಾರಗಳಲ್ಲಿ ಮುನ್ಸೂಚನೆಯಿಲ್ಲದ ಗೈರು ಮೂರು ದಿನ ತಲುಪಿದರೆ, ಮುಖ್ಯ ಶಿಕ್ಷಕರ ಸಮ್ಮುಖದಲ್ಲಿ ತಮ್ಮೊಂದಿಗೆ ಸಭೆ ನಡೆಸಲಾಗುವುದು.’

ಶೇ. 75ರ ಹಾಜರಿ ನಿಯಮವಿದ್ದರೆ ಅದನ್ನೇ ಬೆದರಿಕೆಯಾಗಿ ಹಾಕಲು ಮನಸ್ಸಾಗುತ್ತದೆ. ವರ್ಷದ ಆರಂಭದಲ್ಲಿ ಅದು ತಿರುಗುಬಾಣ. ವರ್ಷಕ್ಕೆ 220 ದಿನವಾದರೆ 165 ದಿನ ಬರಬೇಕು. ಈ ಹುಡುಗ ಆಗಲೇ 36 ದಿನ ಬಂದಿದ್ದಾನೆ. ಉಳಿದ 170 ದಿನಗಳಲ್ಲಿ 129 ದಿನ ಬಂದರೆ ಸಾಕು, ಅಂದರೆ ಇನ್ನೂ 41 ದಿನ ತಪ್ಪಿಸಿಕೊಳ್ಳಬಹುದು! ಲೆಕ್ಕ ಬಲ್ಲ ಪೋಷಕರು ಪತ್ರ ಓದಿ ನಿರಾಳವಾಗುತ್ತಾರೆ. ಆದ್ದರಿಂದಲೇ ನಾಲ್ಕು ವಾರದ, ಮೂರು ದಿನದ ಚಿಕ್ಕ ಗಡಿ. ಶಾಲೆ ನಿಜವಾಗಿ ಮಾಡಲಾರದ ಕ್ರಮವನ್ನಂತೂ ಬರೆಯಲೇಬಾರದು.

ಒಪ್ಪಿದ ಕ್ರಮಗಳು ಮೂರು ಮೀರಿದರೆ ಒಂದೂ ನಡೆಯುವುದಿಲ್ಲ. ಈ ಪ್ರಕರಣದಲ್ಲಾದರೆ: ಬರಲಾಗದ ದಿನ ಬೆಳಿಗ್ಗೆ ಮೊದಲ ಅವಧಿ ಮುಗಿಯುವ ಮುನ್ನ ಪೋಷಕರು ಶಾಲೆಗೆ ಕರೆ ಮಾಡುವುದು, ಕರೆ ಬರದಿದ್ದರೆ ತರಗತಿ ಶಿಕ್ಷಕರೇ ಅಂದೇ ಮನೆಗೆ ಕರೆ ಮಾಡುವುದು, ತಪ್ಪಿದ ಗಣಿತದ ಪಾಠಗಳನ್ನು ಬುಧವಾರ ಮತ್ತು ಶುಕ್ರವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಶಿಕ್ಷಕರು ಹೇಳಿಕೊಡುವುದು. ಮೂರರಲ್ಲಿ ಎರಡು ಶಾಲೆಯ ಪಾಲಿನವು ಎಂಬುದನ್ನು ಗಮನಿಸಿ. ಎಲ್ಲ ಭಾರವನ್ನೂ ಮನೆಯವರ ಮೇಲೆ ಹೊರಿಸಿದ ಪತ್ರಕ್ಕೆ ಸಹಿ ಬರುತ್ತದೆ, ಸಹಕಾರ ಬರುವುದಿಲ್ಲ. ಕೊನೆಗೆ ಪರಿಶೀಲನೆಯ ದಿನಾಂಕ, ತರಗತಿ ಶಿಕ್ಷಕರ ಮತ್ತು ಮುಖ್ಯ ಶಿಕ್ಷಕರ ಸಹಿ, ಕೆಳಗೆ ಪೋಷಕರು ಸಹಿ ಮಾಡಿ ಹರಿದು ಕೊಡುವ ಸ್ವೀಕೃತಿ ಚೀಟಿ. ಅದರಲ್ಲಿ ಅವರ ಮಾತಿಗೂ ಎರಡು ಗೆರೆ ಜಾಗ ಬಿಡುತ್ತೇನೆ. ಮಾತುಕತೆಯಲ್ಲಿ ಹೇಳದ ಕಾರಣ ಕೆಲವೊಮ್ಮೆ ಅಲ್ಲಿ ಕಾಣುತ್ತದೆ.

ಪತ್ರವನ್ನು ಹುಡುಗನ ಕೈಯಲ್ಲಿ ಮಾತ್ರ ಕಳಿಸಬಾರದು, ಕಾರಣ ಹೇಳಬೇಕಿಲ್ಲ. ಅಂಚೆಯಲ್ಲೋ ನೇರವಾಗಿಯೋ ಕೊಟ್ಟು, ಪ್ರತಿಯನ್ನು ಕಡತದಲ್ಲಿ ಇಡಬೇಕು. ಓದಲು ಬಾರದವರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿ, ಹಾಗೆ ಓದಿದ ದಿನಾಂಕವನ್ನು ಪ್ರತಿಯ ಮೇಲೆ ಬರೆದಿಡುತ್ತೇನೆ. ನಾಲ್ಕು ವಾರದ ನಂತರ ಹಾಜರಿ ಸುಧಾರಿಸಿದ್ದರೆ ಅದನ್ನೂ ಎರಡು ಸಾಲಿನಲ್ಲಿ ಬರೆದು ತಿಳಿಸುತ್ತೇನೆ. ಸುಧಾರಿಸದಿದ್ದರೆ ಎರಡನೇ ಎಚ್ಚರಿಕೆ ಪತ್ರ ಬೇಡ. ಮೊದಲನೆಯದರಲ್ಲಿ ಹೇಳಿದ ಸಭೆಗೆ ದಿನ, ವೇಳೆ ಗೊತ್ತುಮಾಡಿ ಕರೆಯುವುದಷ್ಟೇ ಉಳಿದ ಕೆಲಸ.