ಕೈ ನಡುಗದಿದ್ದರೂ ಶುಗರ್ ಇಳಿದಿರಬಹುದು

ಸಿಂಧನೂರಿನಲ್ಲಿ ಮೆಡಿಕಲ್ ಶಾಪ್ ನಡೆಸುವ ನನಗೆ, ಶುಗರ್ ಗುಳಿಗೆಯ ಜೊತೆ ಬೀಟಾ ಬ್ಲಾಕರ್ ಇರುವ ಚೀಟಿ ಕಂಡರೆ ಕೈ ಸ್ವಲ್ಪ ನಿಧಾನವಾಗುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್, ಕಾರ್ವೆಡಿಲಾಲ್, ಇವೆಲ್ಲ ಆ ಜಾತಿಯವೇ. ಬಿಪಿಗೆ, ಹೃದಯಕ್ಕೆ, ಕೈ ನಡುಕಕ್ಕೆ, ಕೆಲವರಿಗೆ ಮೈಗ್ರೇನ್‌ಗೂ ಬರೆಯುತ್ತಾರೆ.

ಶುಗರ್ 70ಕ್ಕಿಂತ ಕೆಳಗೆ ಇಳಿದಾಗ ದೇಹ ಅಡ್ರಿನಲಿನ್ ಬಿಟ್ಟು ಎಚ್ಚರಿಸುತ್ತದೆ. ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ. ಬೀಟಾ ಬ್ಲಾಕರ್ ಇವೆರಡನ್ನೂ ಅಡಗಿಸಬಲ್ಲದು. ಪ್ರೊಪ್ರನೊಲಾಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಳಿದ ಶುಗರ್ ಮತ್ತೆ ಏರುವುದನ್ನೂ ತಡಮಾಡಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಲ್ಲಿ ಈ ಕಾಟ ಕಡಿಮೆ, ಡೋಸ್ ಜಾಸ್ತಿಯಾದರೆ ಅವೂ ಹಾಗೇ.

ಬೆವರು ಮಾತ್ರ ಹೋಗುವುದಿಲ್ಲ. ಅದನ್ನು ನಡೆಸುವ ನರದ ದಾರಿಯೇ ಬೇರೆ. ಪುಸ್ತಕದಲ್ಲಿ ಇದು ಒಳ್ಳೆಯ ಸುದ್ದಿ. ಆದರೆ ನಮ್ಮ ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬೆವರದವರು ಯಾರಿದ್ದಾರೆ ಹೇಳಿ? ಉಳಿದ ಆ ಒಂದು ಗುರುತೂ ಬಿಸಿಲಲ್ಲಿ ಕಳೆದುಹೋಗುತ್ತದೆ. ಅದಕ್ಕೇ ನಾನು ಫ್ಯಾನ್ ಕೆಳಗೆ ಕೂತಾಗ ಬರುವ ಬೆವರನ್ನು ಕೇಳುತ್ತೇನೆ. ನೆರಳಲ್ಲಿ ಕೂತರೂ ಕುತ್ತಿಗೆ, ಹಣೆ ತಣ್ಣಗೆ ಒದ್ದೆಯಾದರೆ ಮೊದಲು ಮೀಟರ್ ತೆಗೆಯಬೇಕು.

ಒಬ್ಬ ಭತ್ತದ ರೈತರ ವಿಷಯ ಹೇಳುತ್ತೇನೆ. ವಯಸ್ಸು ಅರವತ್ತು ದಾಟಿದೆ. ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮೆಟೊಪ್ರೊಲಾಲ್ 50 ನಡೆದಿತ್ತು. ಶುಗರ್‌ಗೆ ಮೆಟ್‌ಫಾರ್ಮಿನ್, ಜೊತೆಗೆ ಗ್ಲಿಮೆಪಿರೈಡ್ 1. ಮೈ ತುಂಬ ತುರಿಕೆ ಎದ್ದಾಗ ಒಂದು ಕಡೆ ಪ್ರೆಡ್ನಿಸೊಲೋನ್ ಬರೆದುಕೊಟ್ಟರು. ಅದು ಸ್ಟೀರಾಯ್ಡ್. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನ, ಸಂಜೆ ಶುಗರ್ ಏರಿಸುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಮಾತ್ರ ಹೆಚ್ಚು ಕಡಿಮೆ ಮೊದಲಿನಂತೆಯೇ ಇರಬಹುದು. ಅವರ ಸಂಜೆಯ ಶುಗರ್ 280 ದಾಟಿತು. ಇನ್ನೊಂದು ಕಡೆ ತೋರಿಸಿದಾಗ ಗ್ಲಿಮೆಪಿರೈಡ್ 2 ಆಯಿತು. ತುರಿಕೆ ಹೋಯಿತು, ಸ್ಟೀರಾಯ್ಡ್ ಮುಗಿಯಿತು. ಏರಿಸಿದ 2 ಮಾತ್ರ ಹಾಗೇ ಉಳಿಯಿತು.

ನಾಟಿ ಕೆಲಸದ ದಿನ, ಊಟ ತಡವಾಗಿತ್ತು. ಅವರ ಹೆಂಡತಿ ಅಂಗಡಿಗೇ ಕರೆತಂದರು. "ಅಣ್ಣಾರ, ಇವ್ರು ಬೆಳಿಗ್ಗಿಂದ ಸುಮ್ನೆ ಸಿಡಿಮಿಡಿ ಅಂತಾರ, ಹೇಳಿದ್ದನ್ನೇ ಹೇಳ್ತಾರ, ಬಿಸಿಲು ಬಡಿದೈತೇನೋ." ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ನಾಡಿ ಆರಾಮಾಗಿತ್ತು. ಅಂಗಿ ಬೆನ್ನಿಗೆ ಅಂಟಿತ್ತು, ಮಾತು ತೊದಲುತ್ತಿತ್ತು. ಬೆರಳು ತೊಳೆದು ಒರೆಸಿ ಚುಚ್ಚಿದೆ. 52.

ಪ್ರಜ್ಞೆ ಇತ್ತು, ನುಂಗುತ್ತಿದ್ದರು. ಅರ್ಧ ಲೋಟ ನೀರಿಗೆ ಮೂರು ಚಹಾ ಚಮಚ ಸಕ್ಕರೆ ಕದಡಿ ಕುಡಿಸಿದೆ. ಹದಿನೈದು ನಿಮಿಷದ ಮೇಲೆ 64. ಇನ್ನೊಂದು ಸಲ ಅಷ್ಟೇ ಸಕ್ಕರೆ ನೀರು. ಆಮೇಲೆ 88. ಆಗ ರೊಟ್ಟಿ ಪಲ್ಯ ಉಣ್ಣಲು ಹೇಳಿದೆ. ಇಷ್ಟಕ್ಕೇ ಮನೆಗೆ ಕಳಿಸಿ ಮರೆಯುವಂತಿಲ್ಲ. ಗ್ಲಿಮೆಪಿರೈಡ್ ಒಂದು ದಿನದಷ್ಟು ಹೊತ್ತು ಕೆಲಸ ಮಾಡುತ್ತದೆ, ಶುಗರ್ ಮತ್ತೆ ಇಳಿಯಬಹುದು. ಹಾಗಾಗಿ ಸಂಜೆಯವರೆಗೆ ಒಂಟಿಯಾಗಿ ಬಿಡಬೇಡಿ, ಮಲಗುವ ಮುಂಚೆ ಇನ್ನೊಮ್ಮೆ ನೋಡಿ ಎಂದು ಅವರ ಹೆಂಡತಿಗೆ ತಿಳಿಸಿದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು.

ಡೋಸ್ ಬದಲಿಸುವುದು ನನ್ನ ಕೆಲಸವಲ್ಲ. ಅವರ ಡಾಕ್ಟರ್‌ಗೆ ಫೋನ್ ಮಾಡಿ, ಸ್ಟೀರಾಯ್ಡ್ ಮುಗಿದ ತಾರೀಖು ಮತ್ತು ಆ ಮೂರು ಅಂಕಿ ಹೇಳಿದೆ. ಗ್ಲಿಮೆಪಿರೈಡ್ ಮತ್ತೆ 1ಕ್ಕೆ ಬಂತು. ಮೆಟೊಪ್ರೊಲಾಲ್ ಹಾಗೇ ಮುಂದುವರಿಯಿತು. ಸ್ಟೆಂಟ್ ಇದ್ದವರು ಅದನ್ನು ತಟ್ಟನೆ ನಿಲ್ಲಿಸಿದರೆ ಎದೆನೋವು, ಹಾರ್ಟ್ ಅಟ್ಯಾಕ್ ಆಗುವ ಅಪಾಯ ಇದೆ. "ಗುರುತು ಮುಚ್ಚಿಡುವ ಗುಳಿಗೆ ನನಗೆ ಬೇಡ" ಎಂದು ತಾವೇ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯ.

ಅಂದಿನಿಂದ ಸ್ಟೀರಾಯ್ಡ್ ಕೊಡುವಾಗ ಪೊಟ್ಟಣದ ಮೇಲೆ ಮುಗಿಯುವ ತಾರೀಖು ಬರೆಯುತ್ತೇನೆ. ಮಧ್ಯೆ ಶುಗರ್ ಗುಳಿಗೆ ಏರಿಸಿದ್ದರೆ, ಆ ತಾರೀಖಿಗೇ ಡಾಕ್ಟರನ್ನು ಕೇಳಿ ಎಂದು ಅದರ ಕೆಳಗೇ ಬರೆಯುತ್ತೇನೆ. ಮೊಣಕಾಲಿಗೆ ಹಾಕುವ ಸ್ಟೀರಾಯ್ಡ್ ಸೂಜಿಯೂ ಕೆಲವು ದಿನ ಶುಗರ್ ಏರಿಸುತ್ತದೆ, ಅದನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಬಿಪಿ ಗುಳಿಗೆಯಲ್ಲಿ ಹೈಡ್ರೊಕ್ಲೋರೊಥಯಾಜೈಡ್ ಇದ್ದರೆ ಶುಗರ್ ತುಸು ಏರಬಹುದು, ಅದಕ್ಕೆ ಗಾಬರಿ ಬೇಡ.

ಬೀಟಾ ಬ್ಲಾಕರ್ ಜೊತೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯವರಿಗೆ ನಾನು ಕೇಳುವ ಪ್ರಶ್ನೆಗಳು ಇವು. ಸುಮ್ನೆ ಸಿಟ್ಟು ಮಾಡ್ತಾರಾ? ಮಂಕಾಗ್ತಾರಾ? ಬೆಳಿಗ್ಗೆ ದಿಂಬು ಒದ್ದೆ ಇರುತ್ತಾ? ಒಂದಕ್ಕಾದರೂ ಹೌದು ಅಂದರೆ, ಹೊಲಕ್ಕೆ ಹೋಗುವ ಮುಂಚೆ, ಊಟ ತಡವಾದಾಗ, ರಾತ್ರಿ ಮಲಗುವಾಗ ಮೀಟರ್ ಹಾಕಿ ನೋಡಿ, ಅಂಕಿ ಬರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ ಎಂದು ಹೇಳಿ ಕಳಿಸುತ್ತೇನೆ.