ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಿದ ನನ್ನ ತಪ್ಪು

ರಾಯಚೂರಿನಲ್ಲಿ ಮಕ್ಕಳ ವೈದ್ಯನಾಗಿ ನಾನು ನೋಡುವ ಮಲಬದ್ಧತೆಯ ಬಹುಪಾಲು ಪ್ರಕರಣಗಳಿಗೆ ಗುಪ್ತ ಕಾರಣವೇನೂ ಇರುವುದಿಲ್ಲ. ಒಮ್ಮೆ ನೋವಾದ ಮಗು ಮಲವನ್ನು ತಡೆಹಿಡಿಯತೊಡಗುತ್ತದೆ, ತಡೆದಷ್ಟೂ ಅದು ಗಟ್ಟಿಯಾಗುತ್ತದೆ. ಮಲ ಮೆದುವಾಗಿಸುವ ಪುಡಿಯನ್ನು ಕೆಲವು ತಿಂಗಳು ತಪ್ಪದೆ ಕೊಟ್ಟರೆ ಸಾಕಾಗುತ್ತದೆ. ಲಿಂಗಸುಗೂರು ಕಡೆಯ ಏಳು ವರ್ಷದ ಹುಡುಗಿಯೊಬ್ಬಳಲ್ಲಿ ಮಾತ್ರ ಅದು ಸಾಕಾಗಲಿಲ್ಲ. ಮೂರು ವರ್ಷದಿಂದ ವಾರಕ್ಕೆ ಎರಡು ಬಾರಿ ಹೋದರೆ ಹೆಚ್ಚು. ಪುಡಿ ನಿಲ್ಲಿಸಿದೊಡನೆ ತೊಂದರೆ ಮರಳುತ್ತಿತ್ತು. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆಂದು ತಾಯಿ ಹೇಳಿದಾಗ, ಹಾಲನ್ನೂ ಅದರ ಜೊತೆಗೆ ಗೋಧಿ, ರವೆ, ಮೈದಾವನ್ನೂ ಬಿಡಿಸಿ ನೋಡಿ ಎಂದು ನಾನು ಸಲಹೆ ಕೊಟ್ಟೆ. ತಪ್ಪಾದದ್ದು ಅಲ್ಲಿಯೇ.

ಹುಡುಗಿ ಸುಧಾರಿಸಿದಳು, ಆದರೆ ಯಾವುದನ್ನು ಬಿಟ್ಟದ್ದರಿಂದ ಎಂಬುದು ಯಾರಿಗೂ ತಿಳಿಯಲಿಲ್ಲ. ಐದು ತಿಂಗಳ ನಂತರ ಬಂದಾಗ ತೂಕ 17 ಕಿಲೋ, ಹಿಮೋಗ್ಲೋಬಿನ್ 8.4. ಹಿಂದೆ ಮೂರು ತಿಂಗಳು ಕಬ್ಬಿಣದ ಔಷಧಿ ಕುಡಿಸಿದರೂ ಅದು ಏರಿರಲಿಲ್ಲವೆಂದು ಆಗ ತಿಳಿಯಿತು. ಬೆಳವಣಿಗೆ ಕುಂಠಿತವಾಗಿ, ಔಷಧಿಗೆ ಬಗ್ಗದ ರಕ್ತಹೀನತೆಯೂ ಮಲಬದ್ಧತೆಯೂ ಒಟ್ಟಿಗಿದ್ದರೆ ಸೀಲಿಯಾಕ್ ಕಾಯಿಲೆಯನ್ನು ಹುಡುಕಲೇಬೇಕು. ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನ ವಿರುದ್ಧ ದೇಹವೇ ಕೆರಳಿ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುವ ಕಾಯಿಲೆ ಇದು. ಭೇದಿಯೇ ಇದರ ಲಕ್ಷಣವೆಂದು ನಾವು ಓದಿಕೊಂಡಿದ್ದೇವೆ, ಆದರೆ ಕೆಲವು ಮಕ್ಕಳು ಬರುವುದು ಮಲಬದ್ಧತೆಯಿಂದಲೇ.

ಅಜ್ಜಿ ಒಪ್ಪಲಿಲ್ಲ. "ಸಾಹೇಬ್ರ, ನಮ್ಮ ಮನ್ಯಾಗ ದಿನಾ ಜ್ವಾಳದ ರೊಟ್ಟಿ. ಗೋಧಿ ಜಡ್ಡು ಎಲ್ಲಿಂದ ಬರ್ತದ್ರೀ?" ಎಂದರು. ಜೋಳದಲ್ಲಿ ಗ್ಲುಟೆನ್ ಇಲ್ಲವೆಂಬುದು ನಿಜ. ಆದರೆ ಮೊದಲು ಹುಡುಗಿಯ ಬೆಳಗು ಆರಂಭವಾಗುತ್ತಿದ್ದುದು ರವೆಯ ಉಪ್ಪಿಟ್ಟಿನಿಂದ, ಮಧ್ಯೆ ಬಿಸ್ಕತ್ತು, ರಾತ್ರಿ ಚಪಾತಿ.

ಸೀಲಿಯಾಕ್ ಇದ್ದಾಗ ಏರುವ ಪ್ರತಿಕಾಯವನ್ನು ಅಳೆಯುವ ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ ಮಿತಿಯೊಳಗೇ ಬಂದಿತು. ಈ ಪ್ರತಿಕಾಯ ಸೇರಿದ ಐಜಿಎ ವರ್ಗದ ಒಟ್ಟು ಪ್ರಮಾಣ ಸರಿಯಾಗಿದ್ದುದರಿಂದ, ಅದರ ಕೊರತೆ ಫಲಿತಾಂಶವನ್ನು ಮರೆಮಾಚಿದೆ ಎನ್ನುವಂತಿರಲಿಲ್ಲ. ಮರೆಮಾಚಿದ್ದು ನನ್ನ ಸಲಹೆ: ಗೋಧಿ ನಿಂತರೆ ಈ ಪ್ರತಿಕಾಯ ತಿಂಗಳುಗಳಲ್ಲಿ ಇಳಿದುಹೋಗುತ್ತದೆ.

ಹಾಲಿನ ವಿಷಯದಲ್ಲಿ ಲೆಕ್ಕ ಬೇರೆ. ಹಾಲಿನ ಪ್ರೋಟೀನಿನ ಅಲರ್ಜಿಯಿಂದಲೂ ಮಲಬದ್ಧತೆ ಬರಬಹುದು. ಅಲ್ಲಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ ಎಲ್ಲವನ್ನೂ ಬಿಡಿಸಿ, ಆಮೇಲೆ ಮತ್ತೆ ಕೊಟ್ಟು ನೋಡುವುದೇ ಪರೀಕ್ಷೆ. ಮರಳಿ ಕೊಡುವ ಹೆಜ್ಜೆಯನ್ನು ಬಿಟ್ಟರೆ ಏನೂ ತಿಳಿದಂತಾಗುವುದಿಲ್ಲ. ನಾವು ಮೊದಲು ಮಜ್ಜಿಗೆ ಕೊಟ್ಟೆವು, ಏನೂ ಆಗಲಿಲ್ಲ. ಹಾಲು ಕೊಟ್ಟಾಗ ಹೊಟ್ಟೆ ಉಬ್ಬಿತು, ಆದರೆ ಮಲ ಗಟ್ಟಿಯಾಗಲಿಲ್ಲ. ಪ್ರೋಟೀನ್ ಎರಡರಲ್ಲೂ ಇದೆ, ಲ್ಯಾಕ್ಟೋಸ್ ಸಕ್ಕರೆ ಮಜ್ಜಿಗೆಯಲ್ಲಿ ಕಡಿಮೆ. ಹಾಗಾಗಿ ಇದು ಅಲರ್ಜಿಯಲ್ಲ, ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ ಎಂದುಕೊಂಡೆ. ಕರುಳಿನ ಒಳಪದರ ಸವೆದರೆ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವವೂ ಕುಗ್ಗುವುದರಿಂದ, ಈ ತೊಂದರೆ ಮೂಲ ಕಾಯಿಲೆಯ ನೆರಳೂ ಆಗಿರಬಹುದಿತ್ತು.

ಉಳಿದದ್ದು ಗೋಧಿಯನ್ನು ಮತ್ತೆ ತಿನ್ನಿಸುವ ಅಹಿತಕರ ದಾರಿ. ಸುಧಾರಿಸಿದ ಮಗುವಿಗೆ ಬೇಕೆಂದೇ ತೊಂದರೆ ಕೊಡಬೇಕಾಗುತ್ತದೆ ಎಂದು ತಂದೆ ತಾಯಿಗೆ ಬಿಡಿಸಿ ಹೇಳಿದೆ. ಐದು ವರ್ಷದೊಳಗಿನವರಿಗೂ ಹರೆಯದ ಬೆಳವಣಿಗೆಯ ಹಂತದಲ್ಲಿರುವವರಿಗೂ ಇದನ್ನು ಸಾಮಾನ್ಯವಾಗಿ ಮಾಡಿಸುವುದಿಲ್ಲ. ಈ ಹುಡುಗಿ ನಡುವಿನ ವಯಸ್ಸಿನವಳು. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು ಮೂರು ಗ್ರಾಂ ಗ್ಲುಟೆನ್ ಇರುವುದರಿಂದ ದಿನಕ್ಕೆ ಎರಡು ಚಪಾತಿ ಎಂದು ಗೊತ್ತುಮಾಡಿ, ಎಂಟು ವಾರ ನಡೆಸಿದೆವು. ಮೂರನೇ ವಾರಕ್ಕೆ ಮಲಬದ್ಧತೆ ಮರಳಿತು. ಎಂಟನೇ ವಾರ ಟಿಟಿಜಿ ಮಿತಿಯ ನಾಲ್ಕು ಪಟ್ಟು ಏರಿತ್ತು. ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಮೊದಲ ಭಾಗದಿಂದ ತೆಗೆದ ಚೂರುಗಳಲ್ಲಿ ಬೆರಳಿನಂತಿರಬೇಕಾದ ಮಡಿಕೆಗಳು ಚಪ್ಪಟೆಯಾಗಿದ್ದವು.

ಗೋಧಿ ಪೂರ್ತಿ ನಿಂತ ಮೇಲೆ ಮೂರು ತಿಂಗಳಲ್ಲಿ ದಿನ ಬಿಟ್ಟು ದಿನ ಸಲೀಸಾಗಿ ಹೋಗತೊಡಗಿದಳು. ಪುಡಿಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದೆ. ಆರು ತಿಂಗಳಿಗೆ ಹಿಮೋಗ್ಲೋಬಿನ್ 11.6. ಆದರೆ ವರ್ಷವಾದರೂ ಟಿಟಿಜಿ ಮಿತಿಗಿಂತ ತುಸು ಮೇಲೆಯೇ ನಿಂತಿತ್ತು. ಮನೆಯವರು ಕದ್ದು ಕೊಡುತ್ತಿದ್ದಾರೆಂದು ನಾನು ಸುಮ್ಮನೆ ಸಂಶಯಪಟ್ಟೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ತರಿಸಿದಾಗ ಒಗ್ಗರಣೆಯ ಇಂಗಿನ ಪೊಟ್ಟಣದ ಮೇಲೆ ಗೋಧಿಹಿಟ್ಟು ಎಂದು ಬರೆದಿತ್ತು. ಜೋಳ ಬೀಸುತ್ತಿದ್ದುದು ಊರಿನ ಗಿರಣಿಯಲ್ಲಿ, ಗೋಧಿ ಬೀಸಿದ ಅದೇ ಕಲ್ಲಿನಲ್ಲಿ. ಅಜ್ಜಿ ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಇಳಿಸಿ, ತೊಳೆದು, ಜೋಳಕ್ಕೆಂದೇ ಮೀಸಲಿಟ್ಟರು. ಮುಂದಿನ ಆರು ತಿಂಗಳಲ್ಲಿ ಟಿಟಿಜಿ ಮಿತಿಯೊಳಗೆ ಬಂದಿತು; ಈಗ ರಾತ್ರಿ ಒಂದು ಲೋಟ ಹಾಲು ಕುಡಿದರೂ ಹೊಟ್ಟೆ ಉಬ್ಬುವುದಿಲ್ಲ.