ವರ್ಗಾವಣೆ ಪತ್ರದಲ್ಲಿ ಕಾರಣ ಬರೆದ ಮೇಲೆ

ನಾನು ಕೃಷಿ ಪಂಪು, ಪೈಪು, ಸ್ಪ್ರೇಯರ್ ಮಾರುವ ಒಂದು ಕಂಪನಿಯ ಆಡಳಿತ ವಿಭಾಗದಲ್ಲಿದ್ದೇನೆ. ಹೆಡ್ ಆಫೀಸು ಹುಬ್ಬಳ್ಳಿ. ದಾವಣಗೆರೆ, ಕಲಬುರಗಿ ಸೇರಿ ಐದಾರು ಕಡೆ ಶಾಖೆಗಳಿವೆ. ವರ್ಗಾವಣೆ ಆದೇಶಗಳನ್ನು ಬರೆಯುವುದು ನನ್ನ ಕೆಲಸ. ಮೊದಲೆಲ್ಲ ಕಂಪ್ಯೂಟರಿನಲ್ಲಿ ಒಂದು ಹಳೆಯ ನಮೂನೆ ಇತ್ತು. ಹೆಸರು, ಊರು, ತಾರೀಕು ಬದಲಿಸಿದರೆ ಪತ್ರ ತಯಾರು. ಅದರಲ್ಲಿ ಕಾರಣದ ಜಾಗದಲ್ಲಿ ಇದ್ದದ್ದು ಒಂದೇ ಸಾಲು: “ಆಡಳಿತಾತ್ಮಕ ಕಾರಣಗಳಿಂದ ತಮ್ಮನ್ನು ವರ್ಗಾಯಿಸಲಾಗಿದೆ.”

ಆ ಸಾಲಿನಿಂದ ನಾವು ಒಬ್ಬ ಒಳ್ಳೆಯ ಸ್ಟೋರ್‌ಕೀಪರನ್ನು ಕಳೆದುಕೊಂಡೆವು. ಅವರನ್ನು ಕಳಿಸಿದ್ದು ಹೊಸ ಗೋಡೌನ್ ನಡೆಸೋಕೆ ಅವರಷ್ಟು ಗೊತ್ತಿದ್ದವರು ಬೇರೆ ಯಾರೂ ಇಲ್ಲ ಅಂತ. ಅವರಿಗೆ ಅದನ್ನು ಯಾರೂ ಹೇಳಲಿಲ್ಲ. ಪತ್ರ ಓದಿದವರು, ಸ್ಟಾಕಿನಲ್ಲಿ ಏನೋ ತಪ್ಪು ಹಿಡಿದು ಶಿಕ್ಷೆ ಕೊಟ್ಟಿದ್ದಾರೆ ಅಂದುಕೊಂಡರು. ಅವರ ಬೀದಿಯಲ್ಲಿ ಅಕ್ಕಪಕ್ಕದವರೂ ಹಾಗೇ ಕೇಳಿದರಂತೆ. ಹತ್ತು ದಿನದಲ್ಲಿ ರಾಜೀನಾಮೆ ಬಂತು. ಅವರ ಜಾಗಕ್ಕೆ ಹೊಸಬರು ಬಂದು ಸ್ಟಾಕ್ ರಿಜಿಸ್ಟರ್ ಸರಿಯಾಗೋಕೆ ಮೂರು ತಿಂಗಳು ಹಿಡಿಯಿತು. ಅದರ ನೋವು ನನಗೆ ಇನ್ನೂ ಇದೆ, ಯಾಕಂದ್ರೆ ಆ ಪತ್ರಕ್ಕೆ ಸಹಿ ಹಾಕಿಸಿದ್ದು ನಾನೇ.

ಮುಂದಿನ ವರ್ಗಾವಣೆ ದಾವಣಗೆರೆಯ ಅಕೌಂಟೆಂಟರದ್ದು. ಅವರನ್ನು ಕಲಬುರಗಿಗೆ ಕಳಿಸಬೇಕಿತ್ತು. ಈ ಸಲ ನಮೂನೆಯನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆಯಲು ಕೂತೆ.

ಮೊದಲು ಅವರ ನೇಮಕಾತಿ ಪತ್ರ ತೆಗೆದು ನೋಡಿದೆ. “ಕಂಪನಿಯ ಯಾವುದೇ ಶಾಖೆಗೆ ವರ್ಗಾಯಿಸಬಹುದು” ಅನ್ನುವ ಷರತ್ತು ಅದರಲ್ಲಿತ್ತು. ನಮ್ಮಲ್ಲಿ ಹಳೆಯ ಕೆಲವರ ಪತ್ರದಲ್ಲಿ ಈ ಷರತ್ತೇ ಇಲ್ಲ, ಬರೀ ಊರಿನ ಹೆಸರಿದೆ. ಅಂಥವರಿಂದ ಮೊದಲು ಲಿಖಿತ ಒಪ್ಪಿಗೆ ಪಡೆಯದೆ ಆದೇಶ ಬರೆಯುವುದಿಲ್ಲ. ಷರತ್ತು ಇದ್ದರೂ ಹೇಗೆ ಬೇಕೋ ಹಾಗೆ ಬಳಸೋಕೆ ಬರುವುದಿಲ್ಲ. ಆಡಳಿತದ ನೀತಿ ಅಂತ ಹೆಸರು ಹೇಳಿ ದುರುದ್ದೇಶದಿಂದ ಕಾರ್ಮಿಕನನ್ನು ವರ್ಗ ಮಾಡುವುದನ್ನು 1947ರ ಕೈಗಾರಿಕಾ ವಿವಾದ ಕಾಯ್ದೆಯೇ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಗೆ ಸೇರಿಸಿತ್ತು. ನಿಜವಾದ ಕಾರಣ ಪತ್ರದಲ್ಲಿದ್ದರೆ ನೌಕರನಿಗೆ ಒಳ್ಳೆಯದು, ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಕಂಪನಿಗೂ ಒಳ್ಳೆಯದು.

ಕಾರಣ ಬರೆಯುವಾಗ ನನಗೆ ನಾನೇ ಮೂರು ಪ್ರಶ್ನೆ ಕೇಳಿಕೊಂಡೆ. ಆ ಊರಿಗೇ ಯಾಕೆ? ಇವರೇ ಯಾಕೆ? ಈಗಲೇ ಯಾಕೆ? ಮೂರಕ್ಕೂ ಉತ್ತರ ಸಿಕ್ಕಿತು. ಕಲಬುರಗಿಯ ಅಕೌಂಟೆಂಟ್ ಅಕ್ಟೋಬರ್ 31ಕ್ಕೆ ನಿವೃತ್ತಿ. ಆ ಕಡೆ ತೊಗರಿ ಹೂವಾಡುವ, ಕಾಯಿಕೊರಕ ಕಾಡುವ ಹೊತ್ತು ಅದೇ. ಸ್ಪ್ರೇಯರ್ ಮತ್ತು ಬಿಡಿಭಾಗಗಳು ಜಾಸ್ತಿ ಹೋಗುವುದೂ ಆಗಲೇ. ಸಾಲದ ಬಿಲ್ಲುಗಳು ರಾಶಿ ಬೀಳುತ್ತವೆ. ದಾವಣಗೆರೆಯಲ್ಲಿ ವ್ಯಾಪಾರಿಗಳ ಬಾಕಿಯನ್ನು ತಿಂಗಳು ತಿಂಗಳು ತಾಳೆ ಹಾಕುವ ಪದ್ಧತಿ ತಂದವರು ಇವರೇ. ಪತ್ರದಲ್ಲಿ ಹೀಗೆ ಬರೆದೆ:

“ಕಲಬುರಗಿ ಶಾಖೆಯ ಲೆಕ್ಕಿಗರು ಅಕ್ಟೋಬರ್ 31ರಂದು ನಿವೃತ್ತರಾಗುತ್ತಿದ್ದಾರೆ. ತೊಗರಿ ಹಂಗಾಮಿನಲ್ಲಿ ಆ ಶಾಖೆಯ ಸಾಲದ ವ್ಯವಹಾರ ಹೆಚ್ಚುವುದರಿಂದ ಹುದ್ದೆ ಖಾಲಿ ಬಿಡಲು ಆಗುವುದಿಲ್ಲ. ದಾವಣಗೆರೆಯಲ್ಲಿ ತಾವು ರೂಢಿಗೆ ತಂದ ಬಾಕಿ ತಾಳೆಯ ಪದ್ಧತಿಯನ್ನು ಅಲ್ಲಿಯೂ ತರಬೇಕೆಂಬ ಉದ್ದೇಶದಿಂದ ತಮ್ಮನ್ನು ಆಯ್ಕೆ ಮಾಡಲಾಗಿದೆ. ಈ ವರ್ಗಾವಣೆಗೂ ತಮ್ಮ ಮೇಲಿನ ಯಾವುದೇ ದೂರಿಗೂ ಸಂಬಂಧವಿಲ್ಲ. ಹುದ್ದೆ, ಸಂಬಳ, ಸೇವಾ ಹಿರಿತನದಲ್ಲಿ ಬದಲಾವಣೆ ಇರುವುದಿಲ್ಲ.”

ದೂರಿನ ಆ ಸಾಲು ಬೇಡ, ಇಲ್ಲದ ಅನುಮಾನವನ್ನು ನಾವೇ ಎಬ್ಬಿಸಿದ ಹಾಗಾಗುತ್ತೆ ಅಂತ ನಮ್ಮ ಮ್ಯಾನೇಜರ್ ಅಂದರು. ನಾನು ಹಠ ಮಾಡಿ ಉಳಿಸಿಕೊಂಡೆ. ಅನುಮಾನ ಹೇಗೂ ಏಳುತ್ತದೆ. ಮನೆಯಲ್ಲಿ ಹೆಂಡತಿಗೆ, ಊರಲ್ಲಿ ಅಪ್ಪನಿಗೆ ತೋರಿಸೋಕೆ ಅವರ ಕೈಯಲ್ಲಿ ಒಂದು ಸಾಲು ಇರಲಿ ಅನ್ನುವುದು ನನ್ನ ಆಸೆಯಾಗಿತ್ತು.

ಪತ್ರ ಕಳಿಸುವ ಮೊದಲು ಫೋನ್ ಮಾಡಿದೆ. ಅದು ಒಳ್ಳೆಯದೇ ಆಯಿತು. ವಿಷಯ ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಸಾರ್, ಹೋಗಲ್ಲ ಅನ್ನಲ್ಲ. ಆದ್ರೆ ಮಗ ಈ ಸಲ ಎಸ್ಸೆಸ್ಸೆಲ್ಸಿ. ಅವನ್ನ ಈಗ ಹೆಂಗೆ ಎತ್ಕೊಂಡು ಹೋಗ್ಲಿ?”

ಹತ್ತನೇ ಕ್ಲಾಸಿನ ನಡುವೆ ಶಾಲೆ ಬಿಡಿಸೋಕೆ ಆಗುತ್ತಾ? ಆಗಲ್ಲ. ನನ್ನ ಕರಡಿನಲ್ಲಿ ನೆರವು ಅಂತ ಇದ್ದದ್ದು ಲಾರಿ ಬಾಡಿಗೆ ಮತ್ತು ಒಂದಿಷ್ಟು ಇಡಿಗಂಟು, ಅಷ್ಟೇ. ಮನೆಯವರೆಲ್ಲ ಒಂದೇ ದಿನ ಗಂಟುಮೂಟೆ ಕಟ್ಟಿ ಹೊರಡುತ್ತಾರೆ ಅಂತ ಅಂದುಕೊಂಡು ಬರೆದ ನೆರವು ಅದು. ನಿಜದಲ್ಲಿ ಅವರು ನವೆಂಬರಿನಲ್ಲಿ ಒಬ್ಬರೇ ಹೋಗಬೇಕು. ಪರೀಕ್ಷೆ, ಫಲಿತಾಂಶ ಮುಗಿದು ಮೇ ತಿಂಗಳಲ್ಲಿ ಹೆಂಡತಿ ಮಕ್ಕಳು ಬರಬೇಕು. ಅಲ್ಲಿಯವರೆಗೆ ಎರಡು ಮನೆ, ಎರಡು ಅಡುಗೆ, ನಡುವೆ ಒಂದು ರಾತ್ರಿಯ ಬಸ್ ಪ್ರಯಾಣ. ಅವರ ಜೇಬಿಗೆ ಭಾರ ಬೀಳುವುದು ಲಾರಿಯಿಂದಲ್ಲ, ಈ ಏಳು ತಿಂಗಳಿಂದ.

ಹಾಗಾಗಿ ನೆರವಿನ ಭಾಗವನ್ನು ಪೂರ್ತಿ ಅಳಿಸಿ ಬರೆದೆ. ಹೋದ ಮೊದಲ 15 ದಿನ ಲಾಡ್ಜಿನ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುತ್ತದೆ. ಅಷ್ಟರಲ್ಲಿ ರೂಮು ಹುಡುಕಿಕೊಳ್ಳಬೇಕು. ನವೆಂಬರ್ ಮಧ್ಯದಿಂದ ಮೇ ಕೊನೆಯವರೆಗೆ ರೂಮಿನ ಬಾಡಿಗೆ, ತಿಂಗಳಿಗೆ 6,000 ರೂಪಾಯಿ ಮೀರದಂತೆ. ತಿಂಗಳಿಗೆ ಎರಡು ಸಲ ದಾವಣಗೆರೆಗೆ ಹೋಗಿ ಬರುವ ಬಸ್ ಚಾರ್ಜು. ಕುಟುಂಬ ಬರುವಾಗ ಸಾಮಾನು ಕಟ್ಟಿಸಿ ಲಾರಿಯಲ್ಲಿ ತರುವ ಖರ್ಚು, ಬಿಲ್ ಇದ್ದಷ್ಟು, 25,000 ರೂಪಾಯಿಯವರೆಗೆ. ಹೊಸ ಮನೆ ಹೂಡುವ ಸಣ್ಣಪುಟ್ಟ ಖರ್ಚಿಗೆ 15,000 ರೂಪಾಯಿ, ಇದಕ್ಕೆ ಬಿಲ್ ಬೇಡ. ಮನೆಯ ಡಿಪಾಸಿಟ್ಟಿಗೆ 40,000 ರೂಪಾಯಿ ಬಡ್ಡಿಯಿಲ್ಲದ ಮುಂಗಡ. ಅದನ್ನು ಸಂಬಳದಲ್ಲಿ ತಿಂಗಳಿಗೆ 2,000ದಂತೆ 20 ಕಂತಿನಲ್ಲಿ ಹಿಡಿಯುತ್ತೇವೆ. ಹಿಡಿಯುವುದು ಯಾವ ತಿಂಗಳಿಂದ ಅಂತಲೂ ಬರೆದೆ: ಕುಟುಂಬ ಬಂದ ಮೂರನೇ ತಿಂಗಳಿಂದ. ಆ ಮೊದಲೇ ಶುರು ಮಾಡಿದರೆ ಶಾಲೆ ಫೀಸಿನ ಹೊತ್ತಿಗೇ ಸಂಬಳ ಕಮ್ಮಿ ಕೈಗೆ ಬರುತ್ತದೆ.

ಇದನ್ನು ಒಪ್ಪಿಸೋಕೆ ಮಾಲೀಕರ ಹತ್ತಿರ ಹೋದಾಗ ಲೆಕ್ಕ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಆರೂವರೆ ತಿಂಗಳ ಬಾಡಿಗೆ 39,000. ಒಂದು ಸಲ ಹೋಗಿ ಬರೋಕೆ 1,600 ಹಿಡಿದರೆ 14 ಸಲಕ್ಕೆ 22,400. ಲಾರಿಗೆ 25,000, ಇಡಿಗಂಟು 15,000. ಒಟ್ಟು 1,01,400. ಲಾಡ್ಜ್ ಬೇರೆ. “ಒಂದು ಲಕ್ಷ ಜಾಸ್ತಿ ಆಯ್ತಲ್ಲಪ್ಪಾ?” ಅಂದರು. ಸ್ಟೋರ್‌ಕೀಪರ್ ಬಿಟ್ಟು ಹೋದ ಮೇಲೆ ಮೂರು ತಿಂಗಳು ತಾಳೆಯಾಗದೆ ಉಳಿದ ಸ್ಟಾಕಿನ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಮಾತಿಲ್ಲದೆ ಸಹಿ ಹಾಕಿದರು.

ತೆರಿಗೆಯ ವಿಷಯವನ್ನು ನಮ್ಮ ಆಡಿಟರ್ ಹತ್ತಿರ ಕೇಳಿಕೊಂಡು ಒಂದು ಸಾಲು ಸೇರಿಸಿದೆ. ವರ್ಗಾವಣೆಗೆ ಅಂತ ನಿಜವಾಗಿ ಖರ್ಚಾದ ಪ್ರಯಾಣ, ಪ್ಯಾಕಿಂಗ್, ಸಾಗಣೆಗೆ ತೆರಿಗೆ ಬೀಳುವುದಿಲ್ಲ. ವರ್ಗವಾದಾಗ ಲಾಡ್ಜಿನಲ್ಲಿ 15 ದಿನದವರೆಗೆ ಇಳಿಸಿದರೆ ಅದನ್ನೂ ಸಂಬಳದ ಸವಲತ್ತು ಅಂತ ಎಣಿಸುವುದಿಲ್ಲ. ನಾವು 15 ದಿನಕ್ಕೆ ನಿಲ್ಲಿಸಿದ್ದು ಅದಕ್ಕೇ. ಬಿಲ್ಲಿಲ್ಲದ ಇಡಿಗಂಟು, ರೂಮಿನ ಬಾಡಿಗೆ, ತಿಂಗಳಿಗೆ ಎರಡು ಸಲ ಊರಿಗೆ ಹೋಗಿ ಬರುವ ಬಸ್ ಚಾರ್ಜು ಸಂಬಳದ ಲೆಕ್ಕಕ್ಕೆ ಸೇರುತ್ತವೆ. ಇದನ್ನು ಮೊದಲೇ ಹೇಳದಿದ್ದರೆ, ಪೇಸ್ಲಿಪ್ಪಿನಲ್ಲಿ ಟಿಡಿಎಸ್ ನೋಡಿದ ದಿನ ಕೊಟ್ಟ ಮಾತು ತಪ್ಪಿದರು ಅಂತ ಅನ್ನಿಸುತ್ತದೆ.

ಕರಡನ್ನು ಅವರಿಗೇ ಕಳಿಸಿ ಓದಿ ಅಂದೆ. ಲೆಕ್ಕದ ಮನುಷ್ಯ ಅಲ್ವಾ, ನಾನು ಕಾಣದ್ದನ್ನು ಕಂಡರು. ಹಳೆಯ ನಮೂನೆಯಿಂದ ಎತ್ತಿ ಹಾಕಿದ್ದ ಒಂದು ವಾಕ್ಯ ಹಾಗೇ ಉಳಿದಿತ್ತು: “ಎಲ್ಲ ಬಿಲ್ಲುಗಳನ್ನು ಹಾಜರಾದ ದಿನದಿಂದ ಮೂರು ತಿಂಗಳೊಳಗೆ ಸಲ್ಲಿಸತಕ್ಕದ್ದು.” ಅವರು ಹಾಜರಾಗುವುದು ನವೆಂಬರ್ 3. ಲಾರಿ ಹೊರಡುವುದು ಮೇ ತಿಂಗಳು. ಈ ವಾಕ್ಯದ ಪ್ರಕಾರ ಲಾರಿ ಬಿಲ್ಲಿನ ಗಡುವು ಫೆಬ್ರವರಿಯಲ್ಲೇ ಮುಗಿದು ಹೋಗುತ್ತಿತ್ತು! ನಾನಿದ್ದರೆ ಹೇಗೋ ಪಾಸ್ ಮಾಡಿಸುತ್ತಿದ್ದೆ. ನಾನು ರಜೆಯಲ್ಲಿದ್ದರೆ, ಬೇರೆಯವರು ಪತ್ರ ಹಿಡಿದು ವಾಪಸ್ ಕಳಿಸುತ್ತಿದ್ದರು. ಅದನ್ನು “ಸಾಗಣೆ ಬಿಲ್ಲನ್ನು ಕುಟುಂಬ ಸ್ಥಳಾಂತರಗೊಂಡ ದಿನದಿಂದ 60 ದಿನಗಳೊಳಗೆ” ಅಂತ ತಿದ್ದಿದೆ.

ತಾರೀಕಿನಲ್ಲಿ ಇನ್ನೊಂದು ಕಡೆಯೂ ಎಡವುವುದುಂಟು. ಇಲ್ಲಿಂದ ಬಿಡುಗಡೆ ಒಂದು ದಿನ, ಅಲ್ಲಿ ಹಾಜರಿ ಇನ್ನೊಂದು ದಿನ. ನಡುವಿನ ದಿನಗಳು ಯಾರ ಲೆಕ್ಕಕ್ಕೆ? ಬರೆಯದಿದ್ದರೆ ಸಂಬಳ ಮಾಡುವವರು ಅದನ್ನು ರಜೆ ಅಂತ ಹಾಕಿಬಿಡುತ್ತಾರೆ. ನಾವು ಹೀಗೆ ಬರೆದೆವು: ಅಕ್ಟೋಬರ್ 29ರ ಸಂಜೆ ಚಾರ್ಜ್ ಕೊಟ್ಟು ಬಿಡುಗಡೆ, ನವೆಂಬರ್ 3ರ ಬೆಳಿಗ್ಗೆ ಕಲಬುರಗಿಯಲ್ಲಿ ಹಾಜರಿ, ನಡುವಿನ ದಿನಗಳು ಕರ್ತವ್ಯದ ಅವಧಿ. ನಿವೃತ್ತರಾಗುವವರು ಆ ವಾರ ಇನ್ನೆರಡು ದಿನ ಬಂದು ಲೆಡ್ಜರ್ ತೋರಿಸಿಕೊಡಲು ಒಪ್ಪಿದ್ದರು. ಅದಕ್ಕೆ ಅವರಿಗೆ ಬೇರೆ ಪತ್ರ ಕೊಟ್ಟೆವು.

ಕೊನೆಗೆ ಉಳಿದದ್ದು ಕಷ್ಟದ ಪ್ರಶ್ನೆ. “ಎರಡು ವರ್ಷ ಆದ್ಮೇಲೆ ವಾಪಸ್ ಕಳಿಸ್ತೀರಾ ಸಾರ್?” ಹೂಂ ಅನ್ನೋಕೆ ಮ್ಯಾನೇಜರ್ ರೆಡಿ ಇದ್ದರು. ನಾನು ಬೇಡ ಅಂದೆ. ಎರಡು ವರ್ಷದ ಹೊತ್ತಿಗೆ ದಾವಣಗೆರೆಯಲ್ಲಿ ಜಾಗ ಖಾಲಿ ಇರುತ್ತದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಪತ್ರದಲ್ಲಿ ಬರೆದದ್ದು ಇಷ್ಟು: “ಎರಡು ವರ್ಷ ಪೂರೈಸಿದ ನಂತರ ತಾವು ಲಿಖಿತವಾಗಿ ಕೋರಿದಲ್ಲಿ, ದಾವಣಗೆರೆ ಶಾಖೆಯಲ್ಲಿ ತಮ್ಮ ದರ್ಜೆಯ ಹುದ್ದೆ ಖಾಲಿಯಾದಾಗ ಹೊಸ ನೇಮಕಾತಿಗೆ ಮೊದಲು ತಮ್ಮ ಕೋರಿಕೆಯನ್ನು ಪರಿಗಣಿಸಲಾಗುವುದು.” ಇದಕ್ಕಿಂತ ಹೆಚ್ಚು ಬರೆಯೋಕೆ ಆಗಲ್ಲ ಅಂತ ಫೋನಿನಲ್ಲೂ ಹೇಳಿದೆ. ಅವರ ಮುಖ ನನಗೆ ಕಾಣಲಿಲ್ಲ. ದನಿ ಮಾತ್ರ ಸ್ವಲ್ಪ ಇಳಿಯಿತು. “ಇಷ್ಟಾದ್ರೂ ಬರ್ಕೊಡಿ ಸಾರ್” ಅಂದರು.

ಪತ್ರ ಎರಡು ಪುಟವಾಯಿತು. ಎರಡು ಪ್ರತಿ ಮಾಡಿ, ಒಂದರ ಕೆಳಗೆ “ಓದಿ ತಿಳಿದುಕೊಂಡಿದ್ದೇನೆ” ಅಂತ ಅವರ ಸಹಿ ತರಿಸಿಕೊಂಡೆ. ದಾವಣಗೆರೆ, ಕಲಬುರಗಿ ಎರಡೂ ಶಾಖೆಗೂ ಪ್ರತಿ ಹೋಯಿತು. ಸಂಬಳ ವಿಭಾಗಕ್ಕೆ ನೆರವಿನ ಪುಟ ಮಾತ್ರ ಕಳಿಸಿದೆ, ಯಾವ ತಿಂಗಳು ಏನು ಕೊಡಬೇಕು ಅಂತ ಗುರುತು ಹಾಕಿ.

ಮೇ 21ಕ್ಕೆ ಲಾರಿ ಬಿಲ್ ಬಂತು, 22,700 ರೂಪಾಯಿ. ಪತ್ರದ ಆ ಸಾಲಿನ ಜೆರಾಕ್ಸ್ ಮಾಡಿ, ಕೆಳಗೆ ಪೆನ್ನಿನಿಂದ ಗೆರೆ ಎಳೆದು ಬಿಲ್ಲಿಗೆ ಪಿನ್ ಮಾಡಿದ್ದರು. ಜೊತೆಗೆ ಮಗನ ಪಿಯುಸಿ ಅಡ್ಮಿಷನ್ನಿಗೆ ಒಂದು ದಿನದ ರಜೆ ಚೀಟಿಯೂ ಇತ್ತು, ಕಾಲೇಜು ಕಲಬುರಗಿಯದು. ಎರಡನ್ನೂ ಅವತ್ತೇ ಪಾಸ್ ಮಾಡಿ ಕಳಿಸಿದೆ.